ಹಸಿರು ಫ್ರಾಕಿನ ಜಿಪ್

ಎಪ್ಪತ್ತು ದಾಟಿದ ಅಕ್ಕ ತಂಗಿ ಇಬ್ಬರಿಗೂ ಹಳೆಯ ಉಡುಪು ಸಂಗ್ರಹಿಸುವ ಹುಚ್ಚು. ಆವತ್ತು ಅಮ್ಮನ ಪೆಟ್ಟಿಗೆಯಲ್ಲಿ ಸಿಕ್ಕ ಹಸಿರು ಫ್ರಾಕನ್ನು ಒಳಮಗ್ಗುಲು ಹೊರಗೆ ಮಾಡಿ ಮೇಜಿನ ಮೇಲೆ ಹರಡಿದ್ದರು. 1958ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅಮ್ಮ ಫ್ರಾಕು, ಅಲಂಕಾರ ಎಲ್ಲವನ್ನೂ ಬಿಟ್ಟಳೆಂದು, ಹಾಸ್ಟೆಲಿನಲ್ಲಿ ಬೆಳೆದ ಇಬ್ಬರೂ ನಂಬಿದ್ದರು.

“ಇದು ಅಮ್ಮಂದಲ್ಲ ಕಣೇ,” ಎಂದಳು ತಂಗಿ. “ಜಿಪ್ ನೈಲಾನಿಂದು. ಅಪ್ಪ ಇದ್ದಾಗ ಇಂಥದ್ದು ಅಂಗಡಿಗೇ ಬಂದಿರಲಿಲ್ಲ.”

“ಮಿಕ್ಕಿದ್ದೆಲ್ಲ ಐವತ್ತರ ದಶಕದ್ದೇ ಅಲ್ವಾ? ಒಗೆಯೋ ಸೂಚನೆ ಇಲ್ಲದ ನೇಯ್ದ ಲೇಬಲ್, ರೇಯಾನ್ ಕ್ರೇಪ್ ಬಟ್ಟೆ. ಅಂಚಿಗೆ ಓವರ್‌ಲಾಕ್ ಹೊಲಿಗೆ ಇಲ್ಲ, ನೂಲು ಬಿಡದಿರಲಿ ಅಂತ ಹಲ್ಲುಹಲ್ಲಾಗಿ ಕತ್ತರಿಸಿದ್ದಾರೆ,” ಎಂದ ಅಕ್ಕ ಭೂತಗನ್ನಡಿ ಹಿಡಿದು ಬಗ್ಗಿದಳು.

ಜಿಪ್ಪಿನ ಪಟ್ಟಿಯಾಚೆ ಖಾಲಿ ಸೂಜಿತೂತುಗಳ ಸಾಲು, ಪಕ್ಕದಲ್ಲೇ ತುಕ್ಕಿನ ಕಲೆ ಇತ್ತು. ಯಾರೋ ಹಳೆಯ ಲೋಹದ ಜಿಪ್ ಬಿಚ್ಚಿ ಇದನ್ನು ಕೈಯಲ್ಲೇ ಹೊಲಿದಿದ್ದರು. ಆ ಹೊಲಿಗೆಗಳೆಲ್ಲ ಎಲ್ಲರ ಹೊಲಿಗೆಗೆ ವಿರುದ್ಧವಾಗಿ ವಾಲಿದ್ದವು.

“ಎಡಗೈ,” ಎಂದಳು ತಂಗಿ ಮೆಲ್ಲಗೆ. ಅಮ್ಮ ಎಡಚಿ.

ಸೊಂಟದ ಹೊಲಿಗೆಯನ್ನೂ ಬಿಚ್ಚಿ ಸಡಿಲ ಮಾಡಲಾಗಿತ್ತು. ಒಳಗೆ ಮಡಚಿದ್ದ ಬಟ್ಟೆ ಅಲ್ಲಿ ಬಣ್ಣಗೆಡದೆ ಗಾಢ ಹಸಿರಾಗಿ ಹೊರಬಂದಿತ್ತು.

“ಅಂದ್ರೆ ಅಪ್ಪ ಹೋದ್ಮೇಲೂ ಅಮ್ಮ ಇದನ್ನ ಹಾಕ್ಕೊಂಡಿದ್ದಾಳೆ!” ಎಂದಳು ತಂಗಿ.

“ಚೆನ್ನಾಗಿ ಉಂಡು ಮೈ ತುಂಬ್ಕೊಂಡೂ ಇದ್ದಾಳೆ.”

ಇಬ್ಬರೂ ನಕ್ಕರು. ನಗುತ್ತಲೇ ತಂಗಿಯ ಕಣ್ಣು ಒದ್ದೆಯಾಯಿತು. ಫ್ರಾಕನ್ನು ಮೈಗೆ ಹಿಡಿದು ಕನ್ನಡಿಯ ಮುಂದೆ ನಿಂತಳು.

“ಇದನ್ನ ಹಾಕ್ಕೊಂಡು ಎಲ್ಲಿಗೆ ಹೋಗಿರ್ತಾಳೆ ಅಕ್ಕಾ?”

“ಎಲ್ಲಿಗಾದ್ರೂ ಆಗ್ಲಿ. ಹೋಗಿದ್ಳಲ್ಲ, ಸಾಕು.”