ನೆಟ್ಟಗೆ ಮಾಡಿದ ಕೋಟ್‌ಗಳು

ದೊಮ್ಮಲೂರು ಮೇಲ್ಸೇತುವೆ ಪಕ್ಕದ ಕಟ್ಟಡದಲ್ಲಿದ್ದ ಆ ಸಣ್ಣ ಕಂಪನಿ, ಕ್ಲಿನಿಕ್‌ಗಳು ರೋಗಿಗಳ ದಾಖಲೆ ಇಟ್ಟುಕೊಳ್ಳುವ ಸಾಫ್ಟ್‌ವೇರ್ ಮಾಡುತ್ತಿತ್ತು. ಪ್ರಭುಲಿಂಗ ಅಲ್ಲಿನ ತಂಡದ ಮುಖ್ಯಸ್ಥ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು.

ಹೊಸ ಆವೃತ್ತಿ ಕ್ಲಿನಿಕ್ಕುಗಳಿಗೆ ಹೋಗಬೇಕಿದ್ದ ದಿನ ಬೆಳಿಗ್ಗೆ ತಂಡದ ಆದಿಲ್ ಬೆವರು ಒರೆಸಿಕೊಳ್ಳುತ್ತ ಬಂದ. “ಪ್ರಭು ಸರ್, ಬಿಲ್ಡ್ ನಿಂತ್ಬಿಟ್ಟಿದೆ. ವರ್ಡ್ ಫೈಲಿಂದ ಕೋಡ್ ಪೇಸ್ಟ್ ಮಾಡ್ದೆ. ಕೋಟ್‌ಗಳೆಲ್ಲ ಬಾಗಿದ್ದು ಬಂದಿದಾವೆ.”

ವರ್ಡ್ ತಾನಾಗಿಯೇ ಬರಹದ ಉದ್ಧರಣ ಚಿಹ್ನೆಗಳಾದ ನೇರ ಕೋಟ್‌ಗಳನ್ನು ಬಾಗಿಸಿ ಚಂದ ಮಾಡಿಬಿಡುತ್ತದೆ. ಓದುವವರಿಗೆ ಎರಡೂ ಒಂದೇ. ಕೋಡ್ ಓದುವ ಯಂತ್ರಕ್ಕೆ ನೇರವಾದದ್ದೇ ಬೇಕು.

“ಅಷ್ಟೇನಾ? ಒಂದು ನಿಮಿಷ ಇರು ಗುರು,” ಎಂದ ಪ್ರಭುಲಿಂಗ, ಇಡೀ ಪ್ರಾಜೆಕ್ಟಿನಲ್ಲಿ ಬಾಗಿದ ಕೋಟ್ ಎಲ್ಲೇ ಇದ್ದರೂ ನೇರ ಮಾಡೆಂದು ಒಂದೇ ಸಾಲಿನ ಕಮಾಂಡ್ ಕೊಟ್ಟ. ಬಿಲ್ಡ್, ಅಂದರೆ ಕೋಡನ್ನು ಓಡುವ ಸಾಫ್ಟ್‌ವೇರ್ ಆಗಿ ಕಟ್ಟುವ ಕೆಲಸ, ಮುಗಿಯಿತು. ಏನೇನು ಬದಲಾಯಿತೆಂದು ಪರದೆ ತೋರಿಸುತ್ತಿತ್ತು. ಆ ಪಟ್ಟಿಯ ಉದ್ದ ಕಂಡು, ಓದದೆಯೇ ಒಪ್ಪಿಗೆ ಒತ್ತಿದ.

ಅದೇ ಪ್ರಾಜೆಕ್ಟಿನೊಳಗೆ ಕ್ಲಿನಿಕ್ಕಿನವರಿಗೆಂದು ನಾಜಿಶ್ ಬರೆದ ಕೈಪಿಡಿಯೂ ಇತ್ತು. ಶಿವಾಜಿನಗರದ ನಾಜಿಶ್ ಕಂಪನಿಗೆ ಗುತ್ತಿಗೆಯ ಮೇಲೆ ಬರೆಯುತ್ತಿದ್ದಳು. ಅವಳು ಕಳಿಸಿದ್ದನ್ನು ಆದಿಲ್ ಒಳಗೆ ಸೇರಿಸುತ್ತಿದ್ದ. ಅವಳದೊಂದು ಕ್ರಮವಿತ್ತು: ಹೆಸರನ್ನು ಸುಮ್ಮನೆ ಉದಾಹರಿಸುವಾಗ ಬಾಗಿದ ಕೋಟ್, ಕೋಟ್ ಸಮೇತ ಟೈಪ್ ಮಾಡಬೇಕಾದಲ್ಲಿ ಮಾತ್ರ ನೇರ ಕೋಟ್. ಸಾಫ್ಟ್‌ವೇರಿನಲ್ಲಿ ಹೆಸರು ಹುಡುಕುವ ಜಾಗದಲ್ಲಿ ಕೋಟ್ ಹಾಕಿದರೆ ಅಕ್ಷರಶಃ ಅದೇ ಪೂರ್ತಿ ಹೆಸರು ಇದ್ದರಷ್ಟೇ ಸಿಗುತ್ತಿತ್ತು. ಈ ಕ್ರಮವನ್ನು ಕೈಪಿಡಿಯ ಮೊದಲ ಪುಟದಲ್ಲೇ ಬರೆದಿದ್ದಳು. ಈಗ ಎಲ್ಲವೂ ನೇರ.

ಹಲಸೂರಿನ ಕ್ಲಿನಿಕ್ಕೊಂದರ ಕೌಂಟರಿನಲ್ಲಿದ್ದ ವಿಮಲಾಕ್ಷಿ ಹೊಸ ಕೈಪಿಡಿ ನೋಡಿಕೊಂಡು, ಪ್ರತಿ ಹೆಸರನ್ನೂ ಕೋಟ್ ಒಳಗೇ ಹುಡುಕತೊಡಗಿದಳು. "ಶಂಶುನ್ನೀಸಾ" ಎಂದು ಟೈಪ್ ಮಾಡಿದಳು; ದಾಖಲೆಯಲ್ಲಿ ಶಂಶುನ್ನೀಸಾ ಬೇಗಂ ಎಂದಿತ್ತು; ಸಿಗಲಿಲ್ಲ. ಹೊಸ ಫೈಲ್ ತೆರೆದಳು. ಆ ಮುದುಕಿ ತನ್ನ ಸಕ್ಕರೆ ಕಾಯಿಲೆಯ ಕತೆಯನ್ನೆಲ್ಲ ಮತ್ತೆ ಮೊದಲಿಂದ ಹೇಳಿ, ಮಾಡಿಸಿದ್ದ ರಕ್ತಪರೀಕ್ಷೆಯನ್ನೇ ಮತ್ತೆ ಮಾಡಿಸಬೇಕಾಯಿತು. ಹಾಗೆ ಎಷ್ಟೋ ಜನರಿಗೆ ಎರಡೆರಡು ಫೈಲುಗಳಾದವು. ಕ್ಲಿನಿಕ್‌ನ ಡಾಕ್ಟರು ಫೋನಿನಲ್ಲಿ ರೇಗಿದರು.

ಮೀಟಿಂಗಿನಲ್ಲಿ ಪ್ರಭುಲಿಂಗ ಎಲ್ಲರೆದುರೇ ನಾಜಿಶ್‌ಳತ್ತ ತಿರುಗಿದ. “ಕೋಟ್ ಹಾಕಿ ಟೈಪ್ ಮಾಡಿ ಅಂತ ಯಾಕ್ರೀ ಬರೆದ್ರಿ?”

“ನಾನು ಹಾಗೆ ಬರೆದಿಲ್ಲ ಸರ್. ಅಲ್ಲಿ ಬಾಗಿದ ಕೋಟ್ ಇತ್ತು.”

“ಫೈಲ್ ಕಣ್ಮುಂದೇನೇ ಇದೆಯಲ್ಲ. ನೋಡಿ.”

ಅವಳು ಪರದೆ ನೋಡಿದಳು. ಅಲ್ಲಿ ಎಲ್ಲವೂ ನೇರವಾಗಿತ್ತು. ಗುತ್ತಿಗೆ ಮುಗಿದಾಗ ಮುಂದುವರಿಸಿ ಎಂದು ಅವಳು ಕೇಳಲಿಲ್ಲ, ಇವನೂ ಕರೆಯಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ, ಹೆಸರು ಹುಡುಕುವ ಭಾಗವನ್ನು ತಿದ್ದಲು ಕೂತ ಪ್ರಭುಲಿಂಗನಿಗೆ ಕೋಡ್ ನಡುವಿನ ಒಂದು ಟಿಪ್ಪಣಿ ಕಂಡಿತು: ‘ಫೋನಿನಿಂದ " ಬರುತ್ತದೆ, ಅದನ್ನು " ಎಂದು ಓದಿಕೊಳ್ಳಬೇಕು.’ ಅರ್ಥವೇ ಇಲ್ಲದ ಮಾತು. ಯಾರು ಹೀಗೆ ಬರೆದರೆಂದು ಹಳೆಯ ಆವೃತ್ತಿ ತೆಗೆದ. ಅಲ್ಲಿ ಮೊದಲನೆಯದು ಬಾಗಿತ್ತು. ಬದಲಿಸಿದವರ ಹೆಸರಿನ ಜಾಗದಲ್ಲಿ ಅವನದೇ ಹೆಸರಿತ್ತು. ಕೈಪಿಡಿಯ ಹಳೆಯ ಪುಟಗಳನ್ನೂ ತೆಗೆದ. ನಾಜಿಶ್ ಹೇಳಿದ್ದಂತೆಯೇ ಇದ್ದವು.

ಆಮೇಲೆ ಅವನು ಮಾಡಿದ್ದು, ಅವತ್ತೇ ಮಾಡಬೇಕಿದ್ದ ಕೆಲಸ. ಕೋಡನ್ನು ಯಂತ್ರ ಓದುವಂತೆಯೇ ಓದಿ, ಇದು ಟಿಪ್ಪಣಿ, ಇದು ಉದ್ಧರಿಸಿದ ಪಠ್ಯ, ಇದು ನಿಜವಾದ ಕೋಡ್ ಎಂದು ಬೇರ್ಪಡಿಸುವ ಸಣ್ಣ ಪ್ರೋಗ್ರಾಂ ಬರೆದ. ಅದು ಕೋಡ್ ಭಾಗದ ಬಾಗಿದ ಕೋಟ್‌ಗಳನ್ನಷ್ಟೇ ನೇರ ಮಾಡುತ್ತಿತ್ತು. ಟಿಪ್ಪಣಿಗಳ ತಂಟೆಗೆ ಹೋಗುತ್ತಿರಲಿಲ್ಲ, ಕೈಪಿಡಿಯ ಫೋಲ್ಡರನ್ನು ತೆರೆಯುತ್ತಲೇ ಇರಲಿಲ್ಲ. ಆದರೆ ಕೆಟ್ಟುಹೋದದ್ದನ್ನು ಸರಿಮಾಡಲು ಪ್ರೋಗ್ರಾಂ ಸಾಲದು. ನೇರವಾದ ಮೇಲೆ ಯಾವುದು ಮೊದಲು ಬಾಗಿತ್ತೆಂದು ಅದಕ್ಕೆ ತಿಳಿಯುವುದು ಹೇಗೆ? ನಡುವೆ ಕೈಪಿಡಿಗೆ ಬೇರೆಯವರೂ ಕೈ ಹಾಕಿದ್ದರಿಂದ ಹಳೆಯದನ್ನು ಹಾಗೇ ತಂದಿಡುವಂತೆಯೂ ಇರಲಿಲ್ಲ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದೊಂದೇ ಸಾಲು ತಿದ್ದಿದ. ಅವಳು ಎಷ್ಟು ಜೋಪಾನವಾಗಿ ಬರೆದಿದ್ದಳೆಂದು ಆಗ ಗೊತ್ತಾಯಿತು.

ಮುಂದಿನ ಮೀಟಿಂಗಿನಲ್ಲಿ ತಪ್ಪು ತನ್ನದೆಂದು ಹೇಳಿದ. ಆದಿಲ್‌ನಿಂದ ನಂಬರ್ ತೆಗೆದುಕೊಂಡು ನಾಜಿಶ್‌ಗೆ ಫೋನ್ ಮಾಡಿದ.

“ನಾಜಿಶ್, ಅದು ನಾನೇ ಮಾಡಿದ್ದು. ನೀವು ಸರಿಯಾಗೇ ಬರೆದಿದ್ರಿ. ತಪ್ಪಾಯ್ತು.”

ಆ ಕಡೆ ಬಸ್ಸಿನ ಹಾರ್ನ್ ಕೇಳಿತು. “ನಂಗೊತ್ತಿತ್ತು ಸರ್,” ಎಂದಳು.

“ಅವತ್ತು ಯಾಕೆ ಜೋರಾಗಿ ಹೇಳ್ಲಿಲ್ಲ?”

“ಹೇಳಿದ್ನಲ್ಲ ಸರ್. ನೀವು ಹಳೇದನ್ನ ಒಂದ್ಸಲ ತೆಗೆದು ನೋಡ್ತೀರ ಅಂದ್ಕೊಂಡಿದ್ದೆ.”

“ಮತ್ತೆ ನಮ್ಮಲ್ಲಿಗೆ ಬರ್ತೀರಾ?” ಎಂದ.

“ಬೇಡ ಸರ್. ಈಗಿರೋ ಕೆಲ್ಸ ಪರವಾಗಿಲ್ಲ. ನಾನು ಇಳಿಯೋ ಸ್ಟಾಪ್ ಬಂತು, ಇಡ್ಲಾ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.