ಓಟಕ್ಕಿಂತ ಮೊದಲು ಭಾರ

ಎರಡು ಜೊತೆ ಬೂಟು, ಹೊಲಿಗೆ ಅಂಗಡಿಯ ಕೆಲಸ, ಎರಡು ವರ್ಷದ ನಿದ್ದೆ. ಅಗ್ನಿಶಾಮಕ ದಳ ಸೇರಬೇಕೆಂದು ಅವಳು ಇಷ್ಟನ್ನೂ ತೆತ್ತಿದ್ದಳು. ವಯಸ್ಸಿನ ಮಿತಿ ಮುಗಿಯುತ್ತಿತ್ತು, ಇದೇ ಕೊನೆಯ ಪರೀಕ್ಷೆ. ಓಟದಲ್ಲಿ ಹೇಗೋ ಪಾಸಾಗುತ್ತಿದ್ದಳು. ಮೂಟೆ ಹೊತ್ತು ಮೆಟ್ಟಿಲು ಹತ್ತುವಾಗ ಹಿಂದಿನ ಎರಡು ಪರೀಕ್ಷೆಗಳಲ್ಲೂ ಮಂಡಿ ಕುಸಿದಿತ್ತು.

ಅಂದೂ ಎಂಟು ಕಿಲೋಮೀಟರ್ ಓಡಿ ಬಂದವಳೇ ಜಿಮ್ಮಿನಲ್ಲಿ ಭಾರವನ್ನು ಹೆಗಲಿಗೇರಿಸಿ ಕುಕ್ಕರಿಸಿದಳು. ಏಳಲಾಗಲಿಲ್ಲ. ತರಬೇತಿ ಕೊಡುವ ಅಕ್ಕ ಓಡಿ ಬಂದು ಭಾರ ಇಳಿಸಿದಾಗ ಅಲ್ಲೇ ಕುಳಿತು ಅತ್ತುಬಿಟ್ಟಳು.

“ದಿನಾ ಹೀಗೇ ಮಾಡ್ತೀಯೇನೇ?”

“ಹೂಂ ಅಕ್ಕ. ಇರೋದೇ ಎರಡು ತಿಂಗಳು, ಒಂದು ದಿನಾನೂ ಬಿಡಲ್ಲ.”

“ಬಿಡದೇ ಇರೋದೇ ನಿನ್ನ ರೋಗ! ಹಿಂಡಿದ ಬಟ್ಟೇನ ಮತ್ತೆ ಹಿಂಡಿದ್ರೆ ನೀರು ಬರುತ್ತಾ? ಸೋಮವಾರ, ಗುರುವಾರ ಬೆಳಿಗ್ಗೆ ಕಾಲಿಗೆ ಭಾರದ ಕಸರತ್ತು, ದಣಿಯೋಕೆ ಮುಂಚೆ. ಆವತ್ತು ಓಡಲೇಬೇಕಂದ್ರೆ ಸಂಜೆ, ಮೆಲ್ಲಗೆ. ಬುಧವಾರ ಹಗುರ ಓಟ, ಶನಿವಾರ ಜೋರು ಓಟ. ಭಾನುವಾರ ಕಾಲು ಚಾಚಿ ಬಿದ್ಕೋ.”

“ಓಟ ಕಮ್ಮಿ ಮಾಡಿದ್ರೆ ಅದೂ ಕೈಬಿಟ್ಟು ಹೋಗತ್ತಕ್ಕಾ!”

“ಹೋದ್ರೆ ನನ್ನ ಬೈಯಿ.”

ಬೇರೆ ದಾರಿಯಿರಲಿಲ್ಲ, ಒಪ್ಪಿದಳು. ಭಾನುವಾರಗಳಲ್ಲಿ ಮಲಗಿದರೂ ಕಣ್ಣು ಬೂಟಿನ ಮೇಲೇ ಇರುತ್ತಿತ್ತು.

ಪರೀಕ್ಷೆಯಲ್ಲಿ ಅವಳ ಓಟ ಹಿಂದಿಗಿಂತ ಎರಡು ಸೆಕೆಂಡು ನಿಧಾನವಾಯಿತು, ಆದರೂ ಮಿತಿಯೊಳಗಿತ್ತು. ಮೂಟೆಯನ್ನು ಮೂರನೇ ಮಹಡಿಗೆ ಮುಟ್ಟಿಸಿದಳು. ಕೆಲಸ ಸಿಕ್ಕಿತು.