ಕಿಟಕಿಗೊಂದು ಭಾಷೆ

ಅವಳು ಸಿನಿಮಾಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುವವಳು. ಜೊತೆಯವರೆಲ್ಲ ಮನೆಯಿಂದಲೇ ಕೆಲಸ ಮಾಡತೊಡಗಿದ ಮೇಲೆ ಆಫೀಸಿನ ಉದ್ದನೆಯ ಕೋಣೆಯಲ್ಲಿ ಅವಳೊಬ್ಬಳೇ ಉಳಿದಳು. ಬಾಡಿಗೆ ಮನೆಯ ಗೋಡೆ ನೋಡುತ್ತ ಕೂರುವುದಕ್ಕಿಂತ ಇದೇ ವಾಸಿ ಎಂದು ದಿನವೂ ಬರುತ್ತಿದ್ದಳು.

ಸಬ್‌ಟೈಟಲ್ ಕನ್ನಡದಲ್ಲಿ, ಕನ್ನಡ ಬಾರದ ಮ್ಯಾನೇಜರ್ ಇದ್ದುದರಿಂದ ಚಾಟ್ ಇಂಗ್ಲಿಷಿನಲ್ಲಿ. ಅತ್ತಿಂದಿತ್ತ ಹೋದಾಗಲೆಲ್ಲ ಕೀಲಿಮಣೆಯ ಭಾಷೆ ಬದಲಿಸಬೇಕು. ಅವಳು ಮರೆಯುತ್ತಿದ್ದಳು. ಓಕೆ ಎನ್ನಲು ಇಂಗ್ಲಿಷಿನ ಓ, ಕೆ ಒತ್ತಿದರೆ ತೆರೆಯ ಮೇಲೆ ‘ದಕ’ ಎಂದು ಮೂಡುತ್ತಿತ್ತು, ನೋಡದೆ ಕಳಿಸಿಬಿಡುತ್ತಿದ್ದಳು. ಬೇರೆ ಊರಿನಲ್ಲಿ ಕೂತು ಅವಳ ಸಾಲುಗಳನ್ನು ತಿದ್ದುವ ಪರಿಶೀಲಕರು ಕೂಡಲೇ ಅವಳಿಗಷ್ಟೇ ಕನ್ನಡದಲ್ಲಿ ಬರೆಯುತ್ತಿದ್ದರು: “ಏನ್ರೀ ದಕ ಮೇಡಂ, ಮತ್ತೆ ಕೈ ತಪ್ಪಿತಾ? ಕಾಫಿ ಕುಡಿದ್ರಾ?” ಒಬ್ಬರ ಮುಖವನ್ನು ಇನ್ನೊಬ್ಬರು ಕಂಡಿರಲಿಲ್ಲ; ಚಾಟ್‌ನಲ್ಲಿ ಅವಳದು ಆಫೀಸಿನ ಖಾತೆ, ಅವಳ ಹೆಸರೂ ಕಾಣುತ್ತಿರಲಿಲ್ಲ. ಇಡೀ ದಿನದಲ್ಲಿ ಅವಳಿಗೆ ಕಾಫಿ ಆಯಿತೇ ಎಂದು ಕೇಳುತ್ತಿದ್ದವರು ಅವರೊಬ್ಬರೇ.

ಒಂದು ದಿನ ಕಂಪ್ಯೂಟರ್ ರಿಪೇರಿಯವನು ಹಳೆಯ ಕೀಲಿಮಣೆ ಬದಲಿಸಲು ಬಂದ. ಅವಳು ಭಾಷೆ ಬದಲಿಸಲು ಮಾತುಮಾತಿಗೂ ವಿಂಡೋಸ್ ಕೀ, ಸ್ಪೇಸ್ ಬಾರ್ ಕುಟ್ಟುವುದನ್ನು ನೋಡಿ ನಕ್ಕ.

“ಅಕ್ಕಾ, ಆ ಸ್ಪೇಸ್ ಬಾರ್ ನಿಮಗೇನು ಅನ್ಯಾಯ ಮಾಡಿದೆ? ಸ್ವಲ್ಪ ಜರುಗಿ.”

ಸೆಟ್ಟಿಂಗ್ಸ್‌ನಲ್ಲಿ ಟೈಪಿಂಗ್ ಭಾಗ ತೆರೆದು, ಒಳಗೆ ಒಂದು ಚೌಕಕ್ಕೆ ಗುರುತು ಹಾಕಿದ. “ಇನ್ಮೇಲೆ ಒಂದೊಂದು ವಿಂಡೋ ತನ್ನ ಭಾಷೇನ ತಾನೇ ನೆನಪಿಟ್ಟುಕೊಳ್ಳುತ್ತೆ. ಇಲ್ಲಿ ಕನ್ನಡ ಇಡಿ, ಚಾಟ್‌ನಲ್ಲಿ ಇಂಗ್ಲಿಷ್ ಇಡಿ. ಮುಚ್ಚಿ ಮತ್ತೆ ತೆರೆದ್ರೆ ಮಾತ್ರ ಇನ್ನೊಂದ್ಸಲ ಆರಿಸ್ಬೇಕು.”

ಹಾಗೇ ಆಯಿತು. ಕೆಲಸ ಸರಾಗವಾಯಿತು, ಸಂಜೆಗೆ ಮೊದಲೇ ಮುಗಿಯಿತು. ಬೇಗ ಹೋಗಿ ಮಾಡುವುದೇನು ಎಂದು ತಿಳಿಯದೆ ಅವಳು ಖಾಲಿ ಕುರ್ಚಿಗಳ ನಡುವೆ ಕೂತೇ ಇದ್ದಳು.

ಚಾಟ್‌ನಲ್ಲಿ ಈಗ ಎಲ್ಲ ನೆಟ್ಟಗಿತ್ತು. ಅವಳು ಓಕೆ ಎನ್ನುತ್ತಿದ್ದಳು, ಪರಿಶೀಲಕರು ಥ್ಯಾಂಕ್ಸ್ ಎನ್ನುತ್ತಿದ್ದರು. ಅಷ್ಟೇ. ವಾರಗಳು ಉರುಳಿದವು. ತಾನೇನಾದರೂ ತಪ್ಪು ಮಾತಾಡಿದೆನೇ ಎಂದು ಹಳೆಯ ಸಂದೇಶಗಳನ್ನು ಕೆದಕಿದಳು. ಏನೂ ಸಿಗಲಿಲ್ಲ.

ಕೊನೆಗೊಂದು ಮಧ್ಯಾಹ್ನ ತಡೆಯಲಾಗದೆ ಚಾಟ್ ವಿಂಡೋದ ಭಾಷೆಯನ್ನು ತಾನೇ ಕನ್ನಡಕ್ಕೆ ತಿರುಗಿಸಿ ಅವರಿಗೆ ಬರೆದಳು: “ಸರ್, ನನ್ನ ಮೇಲೆ ಬೇಜಾರಾ?”

ಉತ್ತರ ತಡವಾಗಿ ಬಂತು. “ಅಯ್ಯೋ, ನೀವೇನಾ? ತಪ್ಪೇ ಬರ್ತಿರಲಿಲ್ಲ ನೋಡಿ, ನಿಮ್ಮ ಜಾಗಕ್ಕೆ ಬೇರೆ ಯಾರೋ ಬಂದಿದ್ದಾರೆ ಅನ್ಕೊಂಡೆ. ಕೇಳೋಕೂ ಸಂಕೋಚ ಆಯ್ತು.”

ಅವಳು ಆ ಸಾಲನ್ನು ಎರಡೆರಡು ಸಲ ಓದಿದಳು. ತಾನು ನಿಜಕ್ಕೂ ಹೋಗಿಬಿಟ್ಟಿದ್ದರೂ ಇಲ್ಲಿ ಇಷ್ಟೇ ಆಗುತ್ತಿತ್ತು: ಓಕೆ, ಥ್ಯಾಂಕ್ಸ್.

“ನಾನೇ ಇದ್ದೀನಿ ಸರ್,” ಎಂದು ಬರೆದಳು. “ಊಟ ಆಯ್ತಾ?”

“ಈಗ ಮಾಡ್ಬೇಕು. ಒಬ್ಬನೇ ಅಲ್ವಾ, ಹೊತ್ತುಗೊತ್ತು ಇಲ್ಲ. ಒಲೆ ಮೇಲೆ ಅನ್ನ ಇದೆ, ಬಂದೆ ಇರಿ.”

ಅವರ ಹೆಸರಿನ ಪಕ್ಕದ ಹಸಿರು ಚುಕ್ಕಿ ಆರಿತು. ಅವಳು ಚಾಟ್ ಮುಚ್ಚಲಿಲ್ಲ, ಕನ್ನಡದಲ್ಲೇ ಬಿಟ್ಟು ಸಬ್‌ಟೈಟಲಿಗೆ ಮರಳಿದಳು.